ಫೋಟೊ ತೆಗೆದವರೇ ಹಾಕಲಿ

ಅಕ್ಕನ ಮಗನ ಮುಂಜಿಗೆ ಗೂಗಲ್ ಫೋಟೋಸ್‌ನಲ್ಲಿ ಆಲ್ಬಮ್ ಮಾಡಿ, ಲಿಂಕನ್ನು ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಿದ್ದೆ. ಸಂಜೆ ತೆರೆದು ನೋಡಿದರೆ ವಟು ಮಾತೃಭಿಕ್ಷೆ ಬೇಡುವ ಒಂದೇ ಚಿತ್ರ ಐದು ಸಲ! ತೆಗೆದವರು ಚಿಕ್ಕಪ್ಪ. ಅವರು ಅದನ್ನು ಗುಂಪಿಗೂ ಕಳಿಸಿದ್ದರು. ಅಲ್ಲಿಂದ ಇಳಿಸಿಕೊಂಡ ನಾಲ್ವರು ಮತ್ತೆ ಆಲ್ಬಮ್‌ಗೆ ಸೇರಿಸಿದ್ದರು.

ವಾಟ್ಸಾಪ್ ಸಾಮಾನ್ಯವಾಗಿ ಚಿತ್ರವನ್ನು ಕುಗ್ಗಿಸಿ ಕಳಿಸುತ್ತದೆ. ಕಣ್ಣಿಗೆ ಅದೇ ಚಿತ್ರವಾದರೂ ಫೈಲ್ ಬೇರೆಯಾಗುವುದರಿಂದ ಆಲ್ಬಮ್ ಅದನ್ನು ಹೊಸದೆಂದೇ ಸೇರಿಸಿಕೊಳ್ಳುತ್ತದೆ. ಹಾಗಾಗಿ ಲಿಂಕ್ ಜೊತೆಗೇ ಒಂದು ಸಾಲು ಬರೆಯಬೇಕು: ‘ನಿಮ್ಮ ಮೊಬೈಲಿನಲ್ಲಿ ನೀವೇ ತೆಗೆದದ್ದನ್ನು ಮಾತ್ರ ಹಾಕಿ.’ ಹಂಚಿಕೆಯ ಸೆಟ್ಟಿಂಗ್‌ನಲ್ಲಿ Collaborate ಆನ್ ಆಗಿರಲಿ, ಇಲ್ಲದಿದ್ದರೆ ಬೇರೆಯವರು ಸೇರಿಸಲಾರರು.

ಆದರೂ ನಕಲು ನುಸುಳಿದರೆ? ಚಿತ್ರದ ವಿವರ ತೆರೆದು ಹೆಸರು ನೋಡಿ. ಆಂಡ್ರಾಯ್ಡ್ ಫೋನಿನಲ್ಲಿ ವಾಟ್ಸಾಪ್‌ನಿಂದ ಇಳಿದದ್ದು IMG-20250511-WA0012.jpg ಎಂಬಂತಿರುತ್ತದೆ. ಆ WA ಕಂಡರೆ ಅದು ನಕಲು. ಮೂಲ ಚಿತ್ರ ಆಲ್ಬಮ್‌ನಲ್ಲಿದೆಯೆಂದು ಖಚಿತಪಡಿಸಿಕೊಂಡೇ ಅದನ್ನು ತೆಗೆಯಿರಿ. ನಾನು ಹಾಗೆ ನಾಲ್ಕನ್ನು ತೆಗೆದು, ಚಿಕ್ಕಪ್ಪನದನ್ನು ಉಳಿಸಿದೆ. ದೊಡ್ಡದು ಮಾಡಿದರೆ ಅಕ್ಕನ ಕೈಯ ಅಕ್ಕಿಕಾಳು ಸ್ಪಷ್ಟವಾಗಿ ಕಾಣುವುದು ಅದರಲ್ಲೇ.