ಸ್ಟಾಪ್ ಬಟನ್‌ಗೆ ಅಡ್ಡಗೀಟು ಬೇಡ

ಸಂಪಿನಿಂದ ಮೇಲಿನ ಟ್ಯಾಂಕಿಗೆ ನೀರೆತ್ತುವ ಮೋಟಾರಿನ ಪ್ಯಾನಲ್ ಕಟ್ಟಿ ಪಳಗಿದ ಎಲೆಕ್ಟ್ರಿಷಿಯನ್ ಪಿಎಲ್‌ಸಿಗೆ ಬಂದಾಗ ಎಡವುವುದು ಹೆಚ್ಚಾಗಿ ಕೆಂಪು ಬಟನ್‌ನಲ್ಲಿ. ಹಳೆಯ ನಕ್ಷೆಯಲ್ಲಿ ಸ್ಟಾಪ್ ಬಟನ್ ಎನ್‌ಸಿ. ಹಾಗಾಗಿ ಲ್ಯಾಡರ್‌ನಲ್ಲೂ ಅಡ್ಡಗೀಟಿನ ಎನ್‌ಸಿ ಗುರುತನ್ನೇ ಹಾಕುತ್ತಾರೆ. ಆಮೇಲೆ ಹಸಿರು ಬಟನ್ ಒತ್ತಿದರೆ ಮೋಟಾರು ಅಲುಗುವುದಿಲ್ಲ. ಕೆಂಪನ್ನು ಒತ್ತಿಹಿಡಿದು ಹಸಿರನ್ನು ಒತ್ತಿದರೆ ಮಾತ್ರ ಓಡುತ್ತದೆ, ಕೆಂಪನ್ನು ಬಿಟ್ಟೊಡನೆ ನಿಲ್ಲುತ್ತದೆ.

ಲ್ಯಾಡರ್‌ನ ಗೆರೆಗಳಲ್ಲಿ ಕರೆಂಟ್ ಹರಿಯುವುದಿಲ್ಲ. ಪಿಎಲ್‌ಸಿ ಪ್ರತಿ ಸುತ್ತಿನಲ್ಲೂ ಇನ್‌ಪುಟ್‌ಗಳನ್ನು ಓದಿ, ಸಾಲುಗಳನ್ನು ಲೆಕ್ಕ ಹಾಕಿ, ಔಟ್‌ಪುಟ್ ಬದಲಿಸುತ್ತದೆ. `| |` ಎಂದರೆ "ಈ ಟರ್ಮಿನಲ್‌ಗೆ ವೋಲ್ಟೇಜ್ ಬಂದಿದೆಯೇ?" ಎಂಬ ಪ್ರಶ್ನೆ, `|/|` ಎಂದರೆ "ಬಂದಿಲ್ಲವೇ?" ಎಂಬುದು. ಎನ್‌ಸಿ ಬಟನ್ ಮುಟ್ಟದಿದ್ದಾಗಲೂ ವೋಲ್ಟೇಜ್ ಕೊಡುತ್ತಿರುತ್ತದೆ. ಆದ್ದರಿಂದ ಅದಕ್ಕೆ `| |` ಸರಿ.

```
   I1    I3    I4      I2      Q1
--| |---| |---| |--+--| |--+--( )
                   |       |
                   +--| |--+
                      I5
```

I1 ಸ್ಟಾಪ್, I2 ಸ್ಟಾರ್ಟ್. ಸಂಪಿನಲ್ಲಿ ನೀರಿರುವವರೆಗೆ ಕೂಡಿಕೊಂಡಿರುವ ಫ್ಲೋಟ್ ಸ್ವಿಚ್ I3ಕ್ಕೆ, ಮೇಲಿನ ಟ್ಯಾಂಕ್ ತುಂಬಿದಾಗ ಬಿಟ್ಟುಕೊಳ್ಳುವ ಫ್ಲೋಟ್ I4ಕ್ಕೆ. Q1 ಕಾಂಟ್ಯಾಕ್ಟರ್ ಕಾಯಿಲ್ ಎಳೆಯುತ್ತದೆ. ಇಡೀ ಸಾಲಿನಲ್ಲಿ ಒಂದು ಅಡ್ಡಗೀಟೂ ಇಲ್ಲ.

ಲ್ಯಾಡರ್ ತಿದ್ದುವ ಬದಲು ಕೆಂಪು ಬಟನ್ನನ್ನೇ ಎನ್‌ಓಗೆ ಬದಲಿಸಿ, ಕೆಲಸ ಮಾಡಿತೆಂದು ಪ್ಯಾನಲ್ ಮುಚ್ಚುವವರಿದ್ದಾರೆ. ಇದು ಅಪಾಯದ ಕೆಲಸ. ಇಲಿ ಆ ತಂತಿ ಕಡಿದರೆ ಮೋಟಾರು ಓಡುತ್ತಲೇ ಇರುತ್ತದೆ, ಎಷ್ಟು ಒತ್ತಿದರೂ ನಿಲ್ಲುವುದಿಲ್ಲ. ಎನ್‌ಸಿ ಆಗಿದ್ದರೆ ತಂತಿ ತುಂಡಾದ ಕ್ಷಣವೇ I1 ಆರಿ ಮೋಟಾರು ನಿಲ್ಲುತ್ತದೆ. ಎರಡು ಫ್ಲೋಟ್‌ಗಳಿಗೂ ಇದೇ ಲೆಕ್ಕ. ಪರೀಕ್ಷೆ ಸುಲಭ: ಸಂಪಿನಲ್ಲಿ ನೀರಿದ್ದು ಟ್ಯಾಂಕ್ ತುಂಬದೆ ಇರುವಾಗ, ಯಾವ ಬಟನ್ನೂ ಮುಟ್ಟದೆ ನೋಡಿದರೆ I1, I3, I4ರ ದೀಪಗಳು ಉರಿಯುತ್ತಿರಬೇಕು.

ಇನ್ನು ಹೋಲ್ಡಿಂಗ್. ಪುಸ್ತಕದ ಉದಾಹರಣೆಗಳಲ್ಲಿ ಸ್ಟಾರ್ಟ್‌ಗೆ ಸಮಾನಾಂತರವಾಗಿ Q1ರ ಗುರುತನ್ನೇ ಹಾಕಿರುತ್ತಾರೆ. ಮನೆಯ ಪಂಪಿಗೆ ನಾನು ಅದನ್ನು ಒಪ್ಪುವುದಿಲ್ಲ. ಓವರ್‌ಲೋಡ್ ರಿಲೇಯ 95-96 ಕಾಯಿಲ್‌ನ ತಂತಿಯಲ್ಲೇ ಇರಬೇಕು, ಅದನ್ನು ಪ್ರೋಗ್ರಾಮಿಗೆ ಬಿಡಬಾರದು. ಆದರೆ ಅದು ಟ್ರಿಪ್ ಆದಾಗ ಕಾಂಟ್ಯಾಕ್ಟರ್ ಬಿದ್ದರೂ ಪಿಎಲ್‌ಸಿಗೆ ಸುದ್ದಿಯಿಲ್ಲ. Q1 ಆನ್ ಆಗಿಯೇ ಇರುತ್ತದೆ. ರಿಸೆಟ್ ಒತ್ತಿದ ಕೂಡಲೇ, ಯಾರೂ ಸ್ಟಾರ್ಟ್ ಮಾಡದೆ, ಮೋಟಾರು ತಿರುಗತೊಡಗುತ್ತದೆ. ಪಂಪಿನಲ್ಲಿ ಸಿಕ್ಕಿದ ಕಸ ತೆಗೆಯಲು ಆಗ ಯಾರೋ ಕೈ ಹಾಕಿರಬಹುದು! ಆದ್ದರಿಂದ I5ಕ್ಕೆ ಕಾಂಟ್ಯಾಕ್ಟರ್‌ನ 13-14 ಕೊಡಿ. ಕಾಂಟ್ಯಾಕ್ಟರ್ ಯಾವ ಕಾರಣಕ್ಕೆ ಬಿದ್ದರೂ ಹೋಲ್ಡಿಂಗ್ ಬಿಡುತ್ತದೆ, Q1 ಆರುತ್ತದೆ. ಕರೆಂಟ್ ಹೋಗಿ ಬಂದಾಗಲೂ ಹಾಗೆಯೇ. ಮತ್ತೆ ಸ್ಟಾರ್ಟ್ ಒತ್ತಬೇಕು. ಆದರೂ ಕಸ ತೆಗೆಯುವ ಮುನ್ನ ಮೇನ್ ಆಫ್ ಮಾಡಿ: ಬೆಸೆದುಕೊಂಡ ಕಾಂಟ್ಯಾಕ್ಟರನ್ನು ಯಾವ ಲ್ಯಾಡರೂ ಬಿಡಿಸಲಾರದು.