ಅಡಿಗೂ ಇಂಚಿಗೂ ನಡುವೆ ಒಂದು ಚುಕ್ಕೆ

ಜಗಳೂರು ತಾಲ್ಲೂಕಿನ ಬಿಳಿಚೋಡಿನಲ್ಲಿ ಸೈಟಿನ ಮಾತು ಬಂದರೆ ಯಾರ ಬಾಯಲ್ಲೂ ಬರುವುದು ‘ಮೂವತ್ತು ನಲವತ್ತು’. ಅದು ಅಡಿಯ ಲೆಕ್ಕ. ಅದೇ ಸೈಟಿನ ಇ-ಸ್ವತ್ತು ದಾಖಲೆಯಲ್ಲಿ ಇರುವುದು ಮೀಟರು ಮತ್ತು ಚದರ ಮೀಟರು. ಮೇಸ್ತ್ರಿಯ ಕೈಯಲ್ಲಿರುವ ಟೇಪಿನ ಒಂದು ಅಂಚಿನಲ್ಲಿ ಇಂಚು, ಇನ್ನೊಂದರಲ್ಲಿ ಸೆಂಟಿಮೀಟರು. ಮಾತು, ಕಾಗದ, ಟೇಪು ಈ ಮೂರೂ ಒಂದೇ ನೆಲವನ್ನು ಹೇಳಬೇಕಾದರೆ ನಕ್ಷೆ ಬರೆಯುವವರು ಒಂದು ಚುಕ್ಕೆಯ ಬಗ್ಗೆ ಎಚ್ಚರ ವಹಿಸಬೇಕು.

ಊರೊಳಗಿನ ಹಳೆಯ ನಿವೇಶನಗಳು ಬಡಾವಣೆಯ ಸೈಟುಗಳಂತೆ ಸರಿಯಾಗಿ ಮೂವತ್ತಕ್ಕೆ ನಲವತ್ತು ಇರುವುದು ಅಪರೂಪ. ಪೂರ್ವ-ಪಶ್ಚಿಮ 30 ಅಡಿ 10 ಇಂಚು, ಉತ್ತರ-ದಕ್ಷಿಣ 40 ಅಡಿ 11 ಇಂಚು ಇರುವ ಒಂದು ಜಾಗವನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಅಳೆದವರು ಚೀಟಿಯಲ್ಲಿ 30.10 ಮತ್ತು 40.11 ಎಂದು ಬರೆದುಕೊಳ್ಳುತ್ತಾರೆ. ಬರೆದವರಿಗೆ ಅದು ಅಡಿ-ಇಂಚು. ಆ ಚೀಟಿ ಹಿಡಿದು ಕ್ಯಾಲ್ಕ್ಯುಲೇಟರ್ ಒತ್ತುವವರಿಗೆ ಅದು ದಶಮಾಂಶ. ಗುಣಿಸಿದರೆ 1207 ಚದರ ಅಡಿ ಬರುತ್ತದೆ.

ನಿಜವಾದ ವಿಸ್ತೀರ್ಣ ಅದಲ್ಲ. ಅಡಿಗೆ ಹನ್ನೆರಡು ಇಂಚು. ಹತ್ತು ಇಂಚೆಂದರೆ ಅಡಿಯ ಆರರಲ್ಲಿ ಐದು ಭಾಗ, ಅಂದರೆ 0.83 ಅಡಿ. ಆದ್ದರಿಂದ ಮೊದಲು ಎರಡೂ ಅಳತೆಗಳನ್ನು ಪೂರ್ತಿ ಇಂಚಿಗೆ ಇಳಿಸಬೇಕು. 30 ಅಡಿ 10 ಇಂಚು ಎಂದರೆ 370 ಇಂಚು, 40 ಅಡಿ 11 ಇಂಚು ಎಂದರೆ 491 ಇಂಚು. ಇವೆರಡನ್ನು ಗುಣಿಸಿ 144ರಿಂದ ಭಾಗಿಸಿದರೆ 1261.6 ಚದರ ಅಡಿ. ಒಂದು ಚುಕ್ಕೆಯ ಗೊಂದಲದಲ್ಲಿ 54 ಚದರ ಅಡಿ ಕಾಗದದಿಂದ ಮಾಯವಾಗಿತ್ತು. ಅದು ಒಂಬತ್ತಕ್ಕೆ ಆರು ಅಡಿಯ ಕೋಣೆಯಷ್ಟು ಜಾಗ.

ಇಂಚಿಗೆ ಇಳಿಸಿದ ಮೇಲೆ ಮೀಟರಿಗೆ ಹೋಗುವ ದಾರಿ ಸಲೀಸು. ಒಂದು ಇಂಚು ಸರಿಯಾಗಿ 2.54 ಸೆಂಟಿಮೀಟರು, 1959ರಲ್ಲಿ ಇಂಗ್ಲಿಷ್ ಅಳತೆ ಬಳಸುವ ದೇಶಗಳು ಒಪ್ಪಿಕೊಂಡ ಪ್ರಮಾಣ ಇದು, ಇದರಲ್ಲಿ ಅಂದಾಜಿಲ್ಲ. 370 ಇಂಚು 9.398 ಮೀಟರು, 491 ಇಂಚು 12.471 ಮೀಟರು, ವಿಸ್ತೀರ್ಣ 117.2 ಚದರ ಮೀಟರು. ತಾಳೆ ನೋಡಲು 1261.6ನ್ನು 10.764ರಿಂದ ಭಾಗಿಸಿದರೂ ಅಷ್ಟೇ ಬರಬೇಕು. ಇಲ್ಲಿ ಹಲವರು ಉದ್ದಕ್ಕೆ ಬಳಸುವ 3.28ನ್ನೇ ವಿಸ್ತೀರ್ಣಕ್ಕೂ ಬಳಸಿಬಿಡುತ್ತಾರೆ. ಆಗ ಉತ್ತರ ಸುಮಾರು 385 ಚದರ ಮೀಟರು. ಒಂದು ಗುಂಟೆ, ಅಂದರೆ 33 ಅಡಿಗೆ 33 ಅಡಿ, ಸುಮಾರು 101 ಚದರ ಮೀಟರು ಎಂಬುದು ನೆನಪಿದ್ದವರಿಗೆ ಆ ತಪ್ಪು ಕಂಡ ಕೂಡಲೇ ಗೊತ್ತಾಗುತ್ತದೆ.

ನಾಲ್ಕು ಬದಿ ಸರಿ ಬಂದರೆ ನಕ್ಷೆ ಸರಿಯಾಯಿತೇ? ಇಲ್ಲ. ಮೂವತ್ತು-ನಲವತ್ತರ ಸೈಟು ನಿಜಕ್ಕೂ ಮೂಲೆಮಟ್ಟವಾಗಿದ್ದರೆ ಮೂಲೆಯಿಂದ ಮೂಲೆಗೆ 50 ಅಡಿ ಇರಲೇಬೇಕು. ನಾಲ್ಕೂ ಬದಿ ಹಾಗೇ ಇದ್ದು, ಒಂದು ಕರ್ಣ ಮಾತ್ರ 49 ಅಡಿ ಬಂತೆನ್ನಿ. ವಿಸ್ತೀರ್ಣದಲ್ಲಿ ಕಡಿಮೆಯಾಗುವುದು ಸುಮಾರು ಒಂದೇ ಚದರ ಅಡಿ, ಹೀಗಾಗಿ ಯಾರೂ ತಲೆಕೆಡಿಸಿಕೊಳ್ಳುವುದಿಲ್ಲ. ಆದರೆ ನಲವತ್ತು ಅಡಿಯ ಬದಿ ತುದಿ ಮುಟ್ಟುವಷ್ಟರಲ್ಲಿ ಒಂದು ಅಡಿ ಎಂಟು ಇಂಚು ಓರೆಯಾಗಿರುತ್ತದೆ. ಪಾಯದ ದಾರ ಕಟ್ಟುವ ದಿನ ಅದು ಬೆಳಕಿಗೆ ಬರುತ್ತದೆ: ಮುಂದೆ ಮೂರು ಅಡಿ ಬಿಟ್ಟ ಗೋಡೆ ಹಿಂದೆ ಒಂದು ಅಡಿ ನಾಲ್ಕು ಇಂಚಿಗೆ ಬಂದು ನಿಲ್ಲುತ್ತದೆ. ಅದಕ್ಕೇ ಅಳತೆ ಚೀಟಿಯಲ್ಲಿ ಎರಡೂ ಕರ್ಣ ಇರಬೇಕು. ನಮ್ಮ ಉದಾಹರಣೆಯ ಜಾಗ ಮೂಲೆಮಟ್ಟವಾಗಿದ್ದರೆ ಎರಡೂ 51 ಅಡಿ 2¾ ಇಂಚಿನ ಹತ್ತಿರ ಬರುತ್ತವೆ.

ಎದುರುಬದುರಿನ ಬದಿಗಳ ಅಳತೆ ಬೇರೆಬೇರೆ ಇರುವ ಜಾಗಕ್ಕೆ ಸರಾಸರಿ ತೆಗೆದು ಗುಣಿಸುವ ರೂಢಿಯಿದೆ. ಆಯತಾಕಾರವಲ್ಲದ ಜಾಗಕ್ಕೆ ಆ ಲೆಕ್ಕ ಯಾವಾಗಲೂ ಹೆಚ್ಚೇ ತೋರಿಸುತ್ತದೆ, ಕಡಿಮೆ ತೋರಿಸುವುದೇ ಇಲ್ಲ. ಕೊಳ್ಳುವವರು ಇದನ್ನು ತಿಳಿದಿರುವುದು ಒಳ್ಳೆಯದು. ಒಂದು ಕರ್ಣ ಹಿಡಿದು ಜಾಗವನ್ನು ಎರಡು ತ್ರಿಕೋನ ಮಾಡಿ ಲೆಕ್ಕ ಹಾಕಿದರೆ ಸರಿಯಾದ ಉತ್ತರ ಸಿಗುತ್ತದೆ.

ಇನ್ನು ಹಾಳೆಯ ಮೇಲೆ ಬರೆಯುವುದು. ಒಂದಕ್ಕೆ ನೂರರ ಪ್ರಮಾಣದಲ್ಲಿ ಒಂದು ಮೀಟರಿಗೆ ಒಂದು ಸೆಂಟಿಮೀಟರು, ಹೀಗಾಗಿ ಶಾಲೆಯ ಅಳತೆಪಟ್ಟಿಯಲ್ಲೇ 9.4ಕ್ಕೆ 12.5 ಸೆಂಟಿಮೀಟರಿನ ಚೌಕಟ್ಟು ಎಳೆಯಬಹುದು. ಅಡಿಯಲ್ಲಿ ಬರೆಯುವವರು ಎಂಟು ಅಡಿಗೆ ಒಂದು ಇಂಚು ಹಿಡಿಯುತ್ತಾರೆ. ಅದು ಒಂದಕ್ಕೆ ತೊಂಬತ್ತಾರು. ಎರಡೂ ನೋಡಲು ಹೆಚ್ಚುಕಡಿಮೆ ಒಂದೇ. ಆದರೆ ಎರಡನೆಯ ಬಗೆಯ ನಕ್ಷೆಯನ್ನು ಸೆಂಟಿಮೀಟರು ಪಟ್ಟಿ ಇಟ್ಟು ಮೊದಲನೆಯದರಂತೆ ಓದಿದರೆ 30 ಅಡಿ 10 ಇಂಚು 32 ಅಡಿ ದಾಟುತ್ತದೆ. ಜೆರಾಕ್ಸ್ ಮಾಡುವಾಗ ಹಾಳೆ ಹಿಗ್ಗಿದರೆ, ಕುಗ್ಗಿದರೆ ಆ ಪ್ರಮಾಣವೂ ಉಳಿಯುವುದಿಲ್ಲ. ಹಾಗಾಗಿ ಪ್ರತಿ ಬದಿಯ ಪಕ್ಕದಲ್ಲೂ 30'-10" ಎಂದು ಗುರುತು ಹಾಕಿ, ಕೆಳಗೆ 9.398 ಮೀ. ಎಂದು ಬರೆದು, ಮೂಲೆಯಲ್ಲಿ ಹತ್ತು ಅಡಿಯ ಒಂದು ಗೆರೆ ಎಳೆದಿಡಬೇಕು. ಹಾಳೆಯ ಜೊತೆಗೆ ಆ ಗೆರೆಯೂ ಅಷ್ಟೇ ಹಿಗ್ಗುತ್ತದೆ, ಅಷ್ಟೇ ಕುಗ್ಗುತ್ತದೆ.