ಒಂದೇ ಅಲೆ, ನಾಲ್ಕು ಗಡಿಯಾರ

2004ರ ಡಿಸೆಂಬರ್ 26, ಭಾನುವಾರ. ಸುಮಾತ್ರಾ ದ್ವೀಪದ ಪಶ್ಚಿಮಕ್ಕೆ ಸಮುದ್ರದ ತಳ ಕಂಪಿಸಿತು. ಅಲ್ಲಿಂದ ಎದ್ದ ಸುನಾಮಿ ಅಲೆ ಕೆಲವೇ ಗಂಟೆಗಳಲ್ಲಿ ಇಂಡೋನೇಷ್ಯಾ, ಥಾಯ್ಲೆಂಡ್, ಶ್ರೀಲಂಕಾ ಮತ್ತು ಭಾರತದ ಕರಾವಳಿಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. ಆ ದಿನ ಯಾವುದು ಮೊದಲು, ಯಾವುದು ನಂತರ ನಡೆಯಿತು ಎಂದು ಪಟ್ಟಿ ಮಾಡಲು ಒಬ್ಬ ವಿದ್ಯಾರ್ಥಿ ಕುಳಿತಿದ್ದಾನೆ ಎನ್ನೋಣ. ಅವನ ಕೈಯಲ್ಲಿ ಬೇರೆ ಬೇರೆ ದೇಶಗಳ ವರದಿಗಳ ತುಣುಕುಗಳಿವೆ.

ಭಾರತದ ವರದಿ ಭೂಕಂಪವಾದದ್ದು ಬೆಳಿಗ್ಗೆ 6.29ಕ್ಕೆ ಎನ್ನುತ್ತದೆ. ಇಂಡೋನೇಷ್ಯಾದ್ದು 7.59 ಎನ್ನುತ್ತದೆ. ಶ್ರೀಲಂಕಾದ ಪೆರಲಿಯ ಎಂಬ ಹಳ್ಳಿಯ ಬಳಿ ಅಲೆ ರೈಲನ್ನು ಸುತ್ತುವರಿದದ್ದು ಸುಮಾರು 9.30ಕ್ಕೆ. ಚೆನ್ನೈ ಬಂದರಿನ ಉಬ್ಬರ ಮಾಪಕದಲ್ಲಿ ಅಲೆ ಕಾಣಿಸಿಕೊಂಡದ್ದು 9.05ಕ್ಕೆ. ಇನ್ನು ಹವಾಯಿಯಲ್ಲಿರುವ ಪೆಸಿಫಿಕ್ ಸುನಾಮಿ ಎಚ್ಚರಿಕೆ ಕೇಂದ್ರ ಈ ಭೂಕಂಪದ ಬಗ್ಗೆ ಮೊದಲ ಪ್ರಕಟಣೆ ಹೊರಡಿಸಿದ್ದು ಡಿಸೆಂಬರ್ 25ರ ಮಧ್ಯಾಹ್ನ 3.14ಕ್ಕೆ!

ಇವನ್ನು ಇದ್ದ ಹಾಗೆಯೇ ಸಾಲಾಗಿ ಬರೆದರೆ ಏನಾಗುತ್ತದೆ? ಭೂಕಂಪ ಎರಡು ಸಲ ಆದಂತೆ ಕಾಣುತ್ತದೆ. ಹವಾಯಿಯವರಿಗೆ ಹಿಂದಿನ ದಿನವೇ ವಿಷಯ ಗೊತ್ತಿದ್ದಂತೆ ಕಾಣುತ್ತದೆ. ಅಲೆ ಮೊದಲು ಚೆನ್ನೈಗೆ ಬಡಿದು, ಇಪ್ಪತ್ತೈದು ನಿಮಿಷ ಕಳೆದ ಮೇಲೆ ಪೆರಲಿಯ ತಲುಪಿದಂತೆ ಕಾಣುತ್ತದೆ. ಈ ಮೂರೂ ತಪ್ಪು. ಆದರೆ ವರದಿಗಳಲ್ಲಿ ಒಂದೂ ಸುಳ್ಳಲ್ಲ. ಎಲ್ಲರೂ ತಮ್ಮ ತಮ್ಮ ಗೋಡೆಯ ಗಡಿಯಾರ ನೋಡಿ ಬರೆದಿದ್ದಾರೆ, ಅಷ್ಟೆ.

ಆದ್ದರಿಂದ ಮೊದಲ ಕೆಲಸ ಎಲ್ಲವನ್ನೂ ಒಂದೇ ಗಡಿಯಾರಕ್ಕೆ ತರುವುದು. ಭೂಕಂಪ ಶಾಸ್ತ್ರಜ್ಞರು ಬಳಸುವುದು ಯುಟಿಸಿ ಎಂಬ ಸಾರ್ವತ್ರಿಕ ಕಾಲ. ಹಳೆಯ ಪುಸ್ತಕಗಳಲ್ಲಿ ಗ್ರೀನಿಚ್ ಕಾಲ ಎಂದು ಓದಿದವರಿಗೆ, ಈ ಲೆಕ್ಕದ ಮಟ್ಟಿಗೆ, ಎರಡೂ ಒಂದೇ. ಭಾರತ ಅದಕ್ಕಿಂತ ಐದೂವರೆ ಗಂಟೆ ಮುಂದಿದೆ; ಸುಮಾತ್ರಾ ಏಳು ಗಂಟೆ ಮುಂದೆ; ಹವಾಯಿ ಹತ್ತು ಗಂಟೆ ಹಿಂದೆ. ಮುಂದಿದ್ದರೆ ಕಳೆಯಬೇಕು, ಹಿಂದಿದ್ದರೆ ಕೂಡಿಸಬೇಕು. ಈ ಲೆಕ್ಕಕ್ಕೆ ಇಪ್ಪತ್ನಾಲ್ಕು ಗಂಟೆಯ ಗಡಿಯಾರವೇ ಸರಿ. ಇಲ್ಲದಿದ್ದರೆ ಬೆಳಿಗ್ಗೆಯ ಮೂರು ಯಾವುದು, ಮಧ್ಯಾಹ್ನದ ಮೂರು ಯಾವುದು ಎಂದು ಪ್ರತಿ ಸಾಲಿನಲ್ಲೂ ತಡಕಾಡಬೇಕಾಗುತ್ತದೆ.

ಚೆನ್ನೈಯಿಂದ ಆರಂಭಿಸೋಣ. 09:05ರಿಂದ 5 ಗಂಟೆ 30 ನಿಮಿಷ ಕಳೆಯಬೇಕು. ಐದು ನಿಮಿಷದಲ್ಲಿ ಮೂವತ್ತು ಹೋಗದು, ಒಂದು ಗಂಟೆ ದಶಕ ತರಬೇಕು. ಮಕ್ಕಳು ಮುಗ್ಗರಿಸುವುದು ಇಲ್ಲಿಯೇ. ಅಭ್ಯಾಸಬಲದಿಂದ ನೂರು ತರುತ್ತಾರೆ, ತರಬೇಕಾದದ್ದು ಅರವತ್ತು. ಅರವತ್ತೈದರಲ್ಲಿ ಮೂವತ್ತು ಹೋದರೆ ಮೂವತ್ತೈದು, ಎಂಟರಲ್ಲಿ ಐದು ಹೋದರೆ ಮೂರು. ಉತ್ತರ 03:35.

ಹವಾಯಿಯ ಮಧ್ಯಾಹ್ನ 3.14 ಎಂದರೆ 15:14. ಅದಕ್ಕೆ ಹತ್ತು ಕೂಡಿಸಿದರೆ 25:14. ದಿನಕ್ಕೆ ಇಪ್ಪತ್ನಾಲ್ಕೇ ಗಂಟೆಯಾದ್ದರಿಂದ ಇದು ಮರುದಿನದ, ಅಂದರೆ 26ನೇ ತಾರೀಕಿನ, 01:14. ಹಿಂದಿನ ದಿನದ ಪ್ರಕಟಣೆ ಎಂದು ಕಂಡದ್ದು ಭೂಕಂಪವಾದ ಹದಿನೈದು ನಿಮಿಷಕ್ಕೆ ಹೊರಟದ್ದು! ಗಂಟೆಯ ಜೊತೆ ತಾರೀಕನ್ನೂ ಬದಲಿಸಲು ಮರೆತರೆ ಪಟ್ಟಿ ಇಡೀ ಒಂದು ದಿನ ತಪ್ಪುತ್ತದೆ.

ಈಗ ಪೆರಲಿಯ. ಶ್ರೀಲಂಕಾದ ಗಡಿಯಾರವೂ ನಮ್ಮದೂ ಇಂದು ಒಂದೇ. ಹಾಗಾಗಿ ವಿದ್ಯಾರ್ಥಿ ಯೋಚನೆಯೇ ಮಾಡದೆ 09:30ರಿಂದ ಐದೂವರೆ ಗಂಟೆ ಕಳೆದು 04:00 ಎಂದು ಬರೆಯುತ್ತಾನೆ. ನೋಡಲು ಸರಿಯಾಗಿಯೇ ಇದೆ. ಆದರೆ ಕೊಲಂಬೊ ಬಂದರಿನ ಮಾಪಕದಲ್ಲಿ ಅಲೆ ಕಾಣಿಸಿಕೊಂಡದ್ದು ಸುಮಾರು 03:50 ಯುಟಿಸಿಗೆ. ನಕ್ಷೆ ತೆರೆದು ನೋಡಿ. ಅಲೆ ಪೂರ್ವದಿಂದ ಬಂದು, ದ್ವೀಪದ ದಕ್ಷಿಣದ ತುದಿಯನ್ನು ಬಳಸಿ, ಪಶ್ಚಿಮ ಕರಾವಳಿಯಲ್ಲಿ ಉತ್ತರಕ್ಕೆ ಏರಿತು. ಪೆರಲಿಯ ದಕ್ಷಿಣದಲ್ಲಿದೆ, ಕೊಲಂಬೊ ಅಲ್ಲಿಂದ ಸುಮಾರು ತೊಂಬತ್ತು ಕಿಲೋಮೀಟರ್ ಉತ್ತರಕ್ಕಿದೆ. ಕೊಲಂಬೊ ಮುಟ್ಟಿದ ಮೇಲೆ ಪೆರಲಿಯಕ್ಕೆ ಅಲೆ ಹೋಗುವುದು ಹೇಗೆ? ಮಂಡ್ಯ ದಾಟಿದ ಮೇಲೆ ರಾಮನಗರಕ್ಕೆ ಬಂದ ಮೈಸೂರಿನ ಬಸ್ಸಿನ ಹಾಗಾಯಿತು, ಅದೂ ಬೆಂಗಳೂರಿನಿಂದ ಹೊರಟ ಬಸ್ಸು.

ಎಲ್ಲೋ ಎಡವಟ್ಟಾಗಿದೆ. ಎಲ್ಲಿ ಎಂದರೆ, ಶ್ರೀಲಂಕಾ ಈಗಿನ ಕಾಲಕ್ಕೆ ಬಂದದ್ದು 2006ರ ಏಪ್ರಿಲ್‌ನಲ್ಲಿ. 2004ರಲ್ಲಿ ಅದು ಯುಟಿಸಿಗಿಂತ ಸರಿಯಾಗಿ ಆರು ಗಂಟೆ ಮುಂದಿತ್ತು, ಅಂದರೆ ನಮಗಿಂತ ಅರ್ಧ ಗಂಟೆ ಮುಂದೆ. ಹಾಗಾಗಿ ಪೆರಲಿಯದ ಸಮಯ 03:30. ಈಗ ಪೆರಲಿಯ ಮೊದಲು, ಇಪ್ಪತ್ತು ನಿಮಿಷದ ನಂತರ ಕೊಲಂಬೊ. ಕ್ರಮ ಕೂಡಿಬಂತು. ಒಂದು ದೇಶದ ಇಂದಿನ ಕಾಲವ್ಯತ್ಯಾಸವನ್ನು ಹಿಂದಿನ ಘಟನೆಗೆ ಹಚ್ಚುವುದು ಬಹಳ ಸಾಮಾನ್ಯವಾದ ತಪ್ಪು. ನಕ್ಷೆಯನ್ನು ಪಕ್ಕದಲ್ಲಿಟ್ಟುಕೊಂಡವರಿಗೆ ಮಾತ್ರ ಅದು ಸಿಕ್ಕಿಬೀಳುತ್ತದೆ.

ಪಟ್ಟಿ ಈಗ ಹೀಗಾಗುತ್ತದೆ. ಎಲ್ಲವೂ ಡಿಸೆಂಬರ್ 26ರ ಯುಟಿಸಿ. ಆವರಣದಲ್ಲಿರುವುದು ಭೂಕಂಪದಿಂದ ಕಳೆದ ನಿಮಿಷಗಳು.

00:59 — ಭೂಕಂಪ (0)
01:14 — ಹವಾಯಿ ಕೇಂದ್ರದ ಮೊದಲ ಪ್ರಕಟಣೆ (15)
02:04 — ಅದೇ ಕೇಂದ್ರದ ಎರಡನೆಯ ಪ್ರಕಟಣೆ (65)
ಸುಮಾರು 03:30 — ಪೆರಲಿಯ (ಸುಮಾರು 150)
03:35 — ಚೆನ್ನೈ (156)
ಸುಮಾರು 03:50 — ಕೊಲಂಬೊ (ಸುಮಾರು 170)

‘ಸುಮಾರು’ ಎಂಬ ಮಾತು ಕೆಲವು ಸಾಲಿನಲ್ಲಿದೆ, ಕೆಲವದರಲ್ಲಿಲ್ಲ. ಭೂಕಂಪದ ಕ್ಷಣ ಸೆಕೆಂಡಿನ ಮಟ್ಟಿಗೆ ಗೊತ್ತು: 00:58:53. ಲೋಕದ ನೂರಾರು ಭೂಕಂಪಮಾಪಕಗಳು ಅದಕ್ಕೆ ಸಾಕ್ಷಿ. ಚೆನ್ನೈಯದು ಯಂತ್ರದ ದಾಖಲೆ, ನಿಮಿಷದ ಮಟ್ಟಿಗೆ ನಂಬಬಹುದು. ಪೆರಲಿಯದಲ್ಲಿ ಸಾವಿರದ ಐನೂರಕ್ಕೂ ಹೆಚ್ಚು ಜನ ಆ ರೈಲಿನ ಬಳಿಯೇ ಸತ್ತರು. ಸಮಯ ಹೇಳಿದವರು ಬದುಕಿ ಉಳಿದವರು. ಅದನ್ನು 03:30:00 ಎಂದು ಬರೆದರೆ ಇಲ್ಲದ ಖಚಿತತೆಯನ್ನು ತಂದು ಅಂಟಿಸಿದಂತಾಗುತ್ತದೆ. ಇನ್ನೂ ಒಂದು ವಿಷಯ: ಇಲ್ಲಿ ಕೊಟ್ಟಿರುವುದು ಮೊದಲ ಅಲೆಯ ಸಮಯ. ಪೆರಲಿಯದಲ್ಲಿ ರೈಲನ್ನು ಉರುಳಿಸಿದ್ದು ಆಮೇಲೆ ಬಂದ ದೊಡ್ಡ ಅಲೆ. ಒಬ್ಬರು ಮೊದಲ ಅಲೆಯನ್ನೂ ಇನ್ನೊಬ್ಬರು ದೊಡ್ಡ ಅಲೆಯನ್ನೂ ‘ಸುನಾಮಿ ಬಂದ ಹೊತ್ತು’ ಎಂದು ಬರೆದಿದ್ದರೆ ಆ ಎರಡನ್ನು ಒಂದೇ ಸಾಲಿಗೆ ಸೇರಿಸುವಂತಿಲ್ಲ.

ಇಷ್ಟು ಕಷ್ಟಪಟ್ಟದ್ದಕ್ಕೆ ಸಿಗುವುದೇನು? ಚೆನ್ನೈಯ ಸಾಲನ್ನೇ ನೋಡಿ. ಭೂಕಂಪದ ಕೇಂದ್ರದಿಂದ ಚೆನ್ನೈಗೆ ನೇರ ದೂರ ಸುಮಾರು 2040 ಕಿಲೋಮೀಟರ್. ಅಲೆ ತೆಗೆದುಕೊಂಡ ಸಮಯ 156 ನಿಮಿಷ, ಅಂದರೆ 2 ಗಂಟೆ 36 ನಿಮಿಷ. ನಮ್ಮಲ್ಲಿ ಗಂಟೆ ನಿಮಿಷಗಳ ನಡುವೆ ಚುಕ್ಕೆ ಇಡುವ ರೂಢಿ. ಅದನ್ನು 2.36 ಎಂದು ಬರೆದು, ಹಾಗೆಯೇ ಭಾಗಿಸಿದರೆ ವೇಗ ಗಂಟೆಗೆ 864 ಕಿಲೋಮೀಟರ್ ಬರುತ್ತದೆ. ಇದು ತಪ್ಪು. 36 ನಿಮಿಷ ಎಂದರೆ ಗಂಟೆಯ 0.36 ಭಾಗ ಅಲ್ಲ, 0.6 ಭಾಗ. 2.6ರಿಂದ ಭಾಗಿಸಿದರೆ ಗಂಟೆಗೆ ಸುಮಾರು 785 ಕಿಲೋಮೀಟರ್. ಗಂಟೆ ಮತ್ತು ನಿಮಿಷದ ನಡುವೆ ಚುಕ್ಕೆಯ ಬದಲು 02:36 ಎಂದು ಎರಡು ಚುಕ್ಕೆ ಇಡುವುದು ಈ ಕಾರಣಕ್ಕೇ ಒಳ್ಳೆಯದು.

ಆದರೆ 785 ಕೂಡ ಯಾಕೋ ಹೆಚ್ಚಾಯಿತು. ಸುನಾಮಿಯ ವೇಗ ನೀರಿನ ಆಳವನ್ನು ಅವಲಂಬಿಸಿದೆ. ಅದರ ಸೂತ್ರ v = √(g × d); g ಎಂದರೆ ಗುರುತ್ವ ವೇಗೋತ್ಕರ್ಷ 9.8, d ಎಂದರೆ ಮೀಟರುಗಳಲ್ಲಿ ಆಳ. ಉತ್ತರ ಬರುವುದು ಸೆಕೆಂಡಿಗೆ ಇಷ್ಟು ಮೀಟರ್ ಎಂದು, 3.6ರಿಂದ ಗುಣಿಸಿದರೆ ಗಂಟೆಗೆ ಕಿಲೋಮೀಟರ್. ಆಳ 3000 ಮೀಟರ್ ಇದ್ದಲ್ಲಿ ವೇಗ ಸೆಕೆಂಡಿಗೆ 171 ಮೀಟರ್, ಅಂದರೆ ಗಂಟೆಗೆ ಸುಮಾರು 617 ಕಿಲೋಮೀಟರ್. 785ರ ವೇಗ ಬರಬೇಕಾದರೆ ದಾರಿಯುದ್ದಕ್ಕೂ 4800 ಮೀಟರಿಗೂ ಹೆಚ್ಚು ಆಳ ಇರಬೇಕು. ಬಂಗಾಳ ಕೊಲ್ಲಿ ಅಷ್ಟು ಆಳವಿಲ್ಲ. ಸಮಯ ಸರಿ, ಸೂತ್ರ ಸರಿ. ಹಾಗಾದರೆ ತಪ್ಪಿದ್ದು ದೂರದಲ್ಲಿ.

ಅಲೆ ಹೊರಟದ್ದು ಆ ಒಂದು ಕೇಂದ್ರಬಿಂದುವಿನಿಂದ ಮಾತ್ರ ಅಲ್ಲ. ಭೂಮಿಯ ಬಿರುಕು ಸುಮಾತ್ರಾದಿಂದ ನಿಕೋಬಾರ್, ಅಂಡಮಾನ್ ಕಡೆಗೆ ಸುಮಾರು 1300 ಕಿಲೋಮೀಟರ್ ಓಡಿತು. ಅದಕ್ಕೆ ಹತ್ತು ನಿಮಿಷದ ಆಸುಪಾಸು ಹಿಡಿಯಿತು. ಚೆನ್ನೈಗೆ ಮೊದಲು ಬಂದ ಅಲೆ ಈ ಉತ್ತರದ ಭಾಗದಿಂದ ಹೊರಟದ್ದು. ಕಾರ್ ನಿಕೋಬಾರಿನಿಂದ ಚೆನ್ನೈಗೆ ಸುಮಾರು 1430 ಕಿಲೋಮೀಟರ್. 2.6ರಿಂದ ಭಾಗಿಸಿದರೆ ಗಂಟೆಗೆ 550. ದಡದ ಬಳಿ ಆಳ ಕಡಿಮೆಯಾದಂತೆ ಅಲೆ ನಿಧಾನವಾಗುವುದನ್ನು ಗಣಿಸಿದರೆ ಕೊಲ್ಲಿಯ ಆಳಕ್ಕೆ ಇದು ಒಪ್ಪುತ್ತದೆ. ಬಿರುಕಿನ ಉದ್ದವನ್ನು ಅಂದಾಜು ಮಾಡಲು ವಿಜ್ಞಾನಿಗಳು ಬಳಸಿದ ದಾರಿಗಳಲ್ಲಿ ಅಲೆ ತಲುಪಿದ ಸಮಯಗಳಿಂದ ಹಿಂದಕ್ಕೆ ಲೆಕ್ಕ ಹಾಕುವುದೂ ಒಂದು.

ಯಂತ್ರವೂ ಮೋಸ ಮಾಡುವುದುಂಟು. ಪೋರ್ಟ್ ಬ್ಲೇರ್‌ನ ಉಬ್ಬರ ಮಾಪಕದ ದಾಖಲೆ ನೋಡಿ, ಅಲ್ಲಿ ನೆಲ ಕುಸಿಯತೊಡಗಿದ್ದು ಭೂಕಂಪದ 38 ನಿಮಿಷದ ನಂತರ ಎಂದು ಮೊದಲು ಬರೆಯಲಾಗಿತ್ತು. ಮಾಪಕದ ಗಡಿಯಾರವೇ ತಪ್ಪಿತ್ತೆಂದು ಆಮೇಲೆ ಗೊತ್ತಾಯಿತು. ಇಂಥ ತಪ್ಪನ್ನು ಹಿಡಿಯಲು ಚಂದ್ರನೇ ನೆರವಾಗುತ್ತಾನೆ. ಉಬ್ಬರ ಇಳಿತಗಳ ಸಮಯವನ್ನು ಮೊದಲೇ ಲೆಕ್ಕ ಹಾಕಬಹುದು. ಸುನಾಮಿಗೆ ಮುಂಚಿನ ದಿನಗಳಲ್ಲಿ ಮಾಪಕ ಗುರುತಿಸಿದ ಉಬ್ಬರವೂ ಆ ಲೆಕ್ಕವೂ ತಾಳೆಯಾಗದಿದ್ದರೆ ಗಡಿಯಾರ ಎಷ್ಟು ತಪ್ಪಿದೆ ಎಂದು ತಿಳಿಯುತ್ತದೆ.

ಪಟ್ಟಿಯಲ್ಲಿ ಇನ್ನೂ ಒಂದು ಸಾಲು ಸೇರಬೇಕು. ಹವಾಯಿ ಕೇಂದ್ರ ತನ್ನ ಮೊದಲ ಪ್ರಕಟಣೆಯಲ್ಲಿ ಭೂಕಂಪದ ತೀವ್ರತೆ 8.0 ಎಂದಿತ್ತು, ಎರಡನೆಯದರಲ್ಲಿ 8.5 ಎಂದಿತು, ನಿಜವಾದ ತೀವ್ರತೆ 9.1. ಹಿಂದೂ ಮಹಾಸಾಗರಕ್ಕೆ ಆಗ ಸುನಾಮಿ ಎಚ್ಚರಿಕೆ ವ್ಯವಸ್ಥೆಯೇ ಇರಲಿಲ್ಲ. ಶ್ರೀಲಂಕಾದಲ್ಲಿ ಸಾವುನೋವಾಗಿದೆ ಎಂಬುದನ್ನು ಅಲ್ಲಿನವರು ಅಂತರ್ಜಾಲದ ಸುದ್ದಿಯಲ್ಲಿ ಮೊದಲು ನೋಡಿದ್ದು ಡಿಸೆಂಬರ್ 25ರ ಸಂಜೆ ಸುಮಾರು 5.30ಕ್ಕೆ. ಯುಟಿಸಿಗೆ ತಂದರೆ 26ರ 03:30. ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ 9 ಗಂಟೆ. ಚೆನ್ನೈಯ ಮಾಪಕದ ಸೂಜಿ ಏಳಲು ಆಗ ಐದು ನಿಮಿಷ ಬಾಕಿ ಇತ್ತು.